ನಡುಮನೆಯಲ್ಲಿ ಒಂದು ಫೋನಿಗೆ ಕಾಲ್ ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ

ಪ್ರಶ್ನೆ: ನಮ್ಮ ಮನೆ ಶಿರಸಿ ಪೇಟೆಯಿಂದ ಸುಮಾರು 18 ಕಿಲೋಮೀಟರ್ ದೂರ, ತೋಟದ ಪಕ್ಕ ತಗ್ಗಿನಲ್ಲಿದೆ. ಚಿರೆಕಲ್ಲಿನ ಗೋಡೆ. ಹಂಚು ತೆಗೆಸಿ ತಗಡಿನ ಶೀಟ್ ಹಾಕಿಸಿದ ಮೇಲೆ ಒಳಗೆ ಫೋನೇ ಬರುವುದಿಲ್ಲ. ಮನೆಗೆ ಫೈಬರ್ ಇದೆ, ವಿಡಿಯೋ ಚೆನ್ನಾಗಿ ಓಡುತ್ತದೆ. ಅತ್ತಿಗೆಯ ಫೋನಿಗೆ ನಡುಮನೆಯಲ್ಲೂ ಕಾಲ್ ಬರುತ್ತದೆ. ಆಯಿಯ ಫೋನಿಗೆ ಮಾಡಿದರೆ 'ನಾಟ್ ರೀಚೆಬಲ್'. ಇಬ್ಬರದ್ದೂ ಒಂದೇ ಕಂಪನಿಯ ಸಿಮ್. ಆಯಿ ಅಂಗಳಕ್ಕೆ ಬಂದರೆ ಕಾಲ್ ಸಿಗುತ್ತದೆ, ಆದರೆ ಆಗ 4ಜಿ ಗುರುತು ಹೋಗಿ E ಅಂತ ಬರುತ್ತದೆ, ಧ್ವನಿ ಮಡಕೆಯೊಳಗಿಂದ ಬಂದ ಹಾಗೆ ಇರುತ್ತದೆ. ಆ ಫೋನು ನಾನು ಮಸ್ಕತ್‌ನಲ್ಲಿದ್ದಾಗ ಕೊಂಡಿದ್ದು. ಈಗ ನಾನು ಬೆಂಗಳೂರಿನಲ್ಲಿದ್ದೇನೆ. ಬೂಸ್ಟರ್ ಹಾಕಿಸಲೇ, ಹೊಸ ಫೋನ್ ಕೊಡಿಸಲೇ?

ಉತ್ತರ: ಬೂಸ್ಟರ್ ಬೇಡ. ಹೊಸ ಫೋನಿನ ಮಾತು ಆಮೇಲೆ. ಮೊದಲು ಅತ್ತಿಗೆಯವರ ಹತ್ತಿರ ಒಂದು ಪರೀಕ್ಷೆ ಮಾಡಿಸಿ. ನಡುಮನೆಯಲ್ಲಿ ಕೂತು ಅವರ ಫೋನಿನಲ್ಲಿ ಏರ್‌ಪ್ಲೇನ್ ಮೋಡ್ ಹಾಕಲಿ. ಟವರಿನ ಸಂಪರ್ಕ ಪೂರ್ತಿ ಹೋಗುತ್ತದೆ. ನಂತರ ವೈಫೈ ಒಂದನ್ನೇ ಮತ್ತೆ ಆನ್ ಮಾಡಲಿ. ಒಂದು ನಿಮಿಷ ಬಿಟ್ಟು ನಿಮ್ಮ ನಂಬರಿಗೆ ಮಾಮೂಲಿ ಕಾಲ್ ಹಚ್ಚಲಿ. ವಾಟ್ಸ್ಆ್ಯಪ್ ಕಾಲ್ ಅಲ್ಲ, ನಂಬರ್ ಒತ್ತಿ ಮಾಡುವ ಕಾಲ್. ಅದು ಹೋದರೆ ಅವರ ಫೋನು ಇಷ್ಟು ದಿನ ಟವರನ್ನು ಬಿಟ್ಟು ನಿಮ್ಮ ಮನೆಯ ಫೈಬರ್ ಮೇಲೇ ಮಾತಾಡುತ್ತಿತ್ತು ಎಂದು ಅರ್ಥ. ಇದಕ್ಕೆ ವೈಫೈ ಕಾಲಿಂಗ್ ಎನ್ನುತ್ತಾರೆ. ಇದೇ ಪರೀಕ್ಷೆಯನ್ನು ಆಯಿಯ ಫೋನಿನಲ್ಲೂ ಮಾಡಿಸಿ. ನೀವು ಬರೆದದ್ದನ್ನು ನೋಡಿದರೆ ಅದರಲ್ಲಿ ಕಾಲ್ ಹೋಗಲಾರದು.

ಹಾಗೆ ಹೇಳಲು ನನಗೆ ಸುಳಿವು ಕೊಟ್ಟದ್ದು ನೀವು ಬರೆದ ಆ E ಅಕ್ಷರ.

4ಜಿ ಜಾಲವನ್ನು ಕಟ್ಟಿದ್ದೇ ಡೇಟಾಕ್ಕಾಗಿ. ಹಳೆಯ 2ಜಿಯಲ್ಲಿ ಇದ್ದಂತೆ ಮಾತಿಗೆಂದೇ ಬೇರೆ ದಾರಿ ಅದರಲ್ಲಿಲ್ಲ. ಆದ್ದರಿಂದ 4ಜಿಯಲ್ಲಿ ಮಾತಾಡಬೇಕಾದರೆ ಧ್ವನಿಯನ್ನೂ ಡೇಟಾ ಮಾಡಿಯೇ ಕಳಿಸಬೇಕು. ಆ ವ್ಯವಸ್ಥೆಯ ಹೆಸರು VoLTE, ಬಾಯಲ್ಲಿ ವೋಲ್ಟಿ. ಇದಕ್ಕಾಗಿ ಕಂಪನಿಯ ಒಳಗೆ ಐಎಂಎಸ್ ಎಂಬ ಕರೆ ನಡೆಸುವ ಕೇಂದ್ರ ಇರುತ್ತದೆ. ಫೋನು ಆನ್ ಆದ ಕೂಡಲೇ ಆ ಕೇಂದ್ರಕ್ಕೆ ಹೋಗಿ 'ನಾನು ಇಂಥ ನಂಬರು, ಇಲ್ಲಿದ್ದೇನೆ' ಎಂದು ನೋಂದಣಿ ಮಾಡಿಕೊಳ್ಳಬೇಕು. ಮಾಡಿಕೊಂಡರೆ 4ಜಿಯಲ್ಲೇ ಕಾಲ್ ನಡೆಯುತ್ತದೆ. ಮಾಡಿಕೊಳ್ಳಲು ಬಾರದ ಫೋನು ಡೇಟಾವನ್ನು ಮಾತ್ರ 4ಜಿಯಲ್ಲಿ ಓಡಿಸುತ್ತದೆ. ಕಾಲ್ ಬಂದ ಕ್ಷಣ ಅದು 4ಜಿಯನ್ನು ಬಿಟ್ಟು ಹಳೆಯ 2ಜಿ ಅಥವಾ 3ಜಿಗೆ ಇಳಿಯಬೇಕು. 2ಜಿಗೆ ಇಳಿದಾಗ ಮೇಲೆ E ಕಾಣುತ್ತದೆ, ಇಂಟರ್ನೆಟ್ ನಿಲ್ಲುತ್ತದೆ, ರಿಂಗ್ ಆಗಲು ಐದಾರು ಸೆಕೆಂಡು ಜಾಸ್ತಿ ಹಿಡಿಯುತ್ತದೆ.

ಆಯಿಯ ಫೋನು ಮಾಡುತ್ತಿರುವುದು ಇದನ್ನೇ. ನಿಮ್ಮ ಸಿಮ್‌ನ ಕಂಪನಿಗೆ ಇನ್ನೂ 2ಜಿ ಇರುವುದರಿಂದ ಅಂಗಳದಲ್ಲಾದರೂ ಕಾಲ್ ಸಿಗುತ್ತಿದೆ. 2016ರಲ್ಲಿ ಶುರುವಾದ ಜಿಯೋಗೆ 2ಜಿಯೂ ಇಲ್ಲ, 3ಜಿಯೂ ಇಲ್ಲ. ಈ ಫೋನಿಗೆ ಆ ಸಿಮ್ ಹಾಕಿದ್ದರೆ ಡೇಟಾ ಓಡುತ್ತಿತ್ತು, ಕಾಲ್ ಮಾತ್ರ ಎಲ್ಲಿಯೂ ಬರುತ್ತಿರಲಿಲ್ಲ.

ಮುಖ್ಯ ವಿಷಯ ಏನೆಂದರೆ, ವೈಫೈ ಕಾಲಿಂಗ್ ಕೂಡ ಅದೇ ಐಎಂಎಸ್ ಕೇಂದ್ರದ ಮೇಲೆಯೇ ನಿಂತಿದೆ. ಟವರಿನ ಬದಲು ನಿಮ್ಮ ರೂಟರಿನ ಮೂಲಕ ಫೋನು ಅಲ್ಲಿಗೆ ಹೋಗುತ್ತದೆ, ಅಷ್ಟೇ. ಇಂಟರ್ನೆಟ್ಟಿನ ಮೇಲೆ ಗುಟ್ಟಿನ ಸುರಂಗವೊಂದನ್ನು ಕಟ್ಟಿಕೊಂಡು, ಸಿಮ್ಮಿನಲ್ಲಿರುವ ಗುಪ್ತ ಕೀಲಿಯಿಂದಲೇ ತನ್ನ ಗುರುತು ತೋರಿಸಿ ಒಳಗೆ ಸೇರುತ್ತದೆ. ಹಾಗಾಗಿ ನಂಬರು ಅದೇ, ಪ್ಲಾನೂ ಅದೇ. ಆ ಕಡೆಯವರ ಹತ್ತಿರ ಕೀಪ್ಯಾಡ್ ಫೋನಿದ್ದರೂ ನಡೆಯುತ್ತದೆ. ಸಿಮ್ ಒಂದು ಕಂಪನಿಯದು, ಫೈಬರ್ ಇನ್ನೊಂದರದ್ದು ಆದರೂ ತೊಂದರೆಯಿಲ್ಲ. ನಮ್ಮಲ್ಲಿ ಏರ್‌ಟೆಲ್ ಇದನ್ನು 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಶುರು ಮಾಡಿದವು. ಆಯಿಯ ಫೋನಿನಲ್ಲಿ ವೋಲ್ಟಿ ಇಲ್ಲದಿರುವುದು, ವೈಫೈ ಕಾಲಿಂಗ್ ಇಲ್ಲದಿರುವುದು ಎರಡು ಬೇರೆ ಬೇರೆ ರೋಗ ಅಲ್ಲ. ಒಂದೇ ನೋಂದಣಿ ಆಗದ್ದರ ಎರಡು ಲಕ್ಷಣ.

ಮನೆಯೊಳಗೆ ಸಿಗ್ನಲ್ ಯಾಕೆ ಸಾಯುತ್ತದೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಗೊತ್ತಿಲ್ಲದೆ ನಮ್ಮ ಘಟ್ಟದ ಮೇಲಿನ ಜನ ಸುಮ್ನೆ ದುಡ್ಡು ಕಳೆಯುತ್ತಾರೆ, ಅದನ್ನು ನೋಡಿ ಬೇಜಾರಾಗುತ್ತದೆ. ಫೋನಿನ ಮೇಲಿನ ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಫೋನು ಒಂದೊಂದು ಲೆಕ್ಕದಲ್ಲಿ ತೋರಿಸುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ About phone ಒಳಗೆ SIM status ಎಂದು ಇರುತ್ತದೆ. ಅಲ್ಲಿ dBm ಲೆಕ್ಕದಲ್ಲಿ ಒಂದು ಅಂಕಿ ಕಾಣುತ್ತದೆ. ಅದು ಮೈನಸ್ ಅಂಕಿ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಹತ್ತು ಅಂಕಿ ಕೆಳಗೆ ಹೋದರೆ ಶಕ್ತಿ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು ಎಂದು ಲೆಕ್ಕ.

ಕಳೆದ ಆಷಾಢದಲ್ಲಿ ನನ್ನ ಸೋದರಮಾವನ ಮನೆಯಲ್ಲಿ ಇದನ್ನು ಅಳೆದಿದ್ದೆ. ಅವರದ್ದೂ ನಿಮ್ಮ ಹಾಗೆಯೇ ತಗ್ಗಿನ ಮನೆ, ಚಿರೆಕಲ್ಲು, ಮೇಲೆ ತಗಡು. ಮನೆ ಹಿಂದಿನ ಗುಡ್ಡದ ಮೇಲೆ -92 ಬಂತು. ಅಂಗಳದಲ್ಲಿ -104. ಜಗಲಿಯಲ್ಲಿ -111. ನಡುಮನೆಯಲ್ಲಿ -121. ವೋಲ್ಟಿ ಕಾಲ್ ಸುಮಾರು -110ರ ತನಕ ನೆಮ್ಮದಿಯಾಗಿ ನಡೆಯುತ್ತದೆ. -115 ದಾಟಿದರೆ ಮಾತು ತುಂಡಾಗತೊಡಗುತ್ತದೆ. -120ರ ಆಚೆ ಫೋನು ಬದುಕಿದೆಯೋ ಇಲ್ಲವೋ ಎಂಬ ಸ್ಥಿತಿ. ಅಂಗಳದಿಂದ ನಡುಮನೆಗೆ ಹದಿನೈದು ಹೆಜ್ಜೆ ಇರಬಹುದು. ಅಷ್ಟರಲ್ಲಿ 17 ಅಂಕಿ, ಅಂದರೆ ಶಕ್ತಿ ಐವತ್ತರಲ್ಲಿ ಒಂದು ಪಾಲು ಉಳಿಯಿತು.

ಇದರಲ್ಲಿ ತಗಡಿನ ಪಾಲು ದೊಡ್ಡದು. ತಗ್ಗಿನ ಮನೆಗೆ ಸಿಗ್ನಲ್ ಪಕ್ಕದಿಂದ ಬರುವುದು ಕಡಿಮೆ. ಎದುರಿನ ಗುಡ್ಡದ ನೆತ್ತಿಯನ್ನು ದಾಟಿ ಮೇಲಿನಿಂದ ಇಳಿಯುತ್ತದೆ. ಹಂಚು ಇದ್ದಾಗ ಅದು ಮಾಡಿನ ಮೂಲಕವೇ ಒಳಗೆ ಬರುತ್ತಿತ್ತು. ತಗಡು ಲೋಹ. ಲೋಹ ರೇಡಿಯೋ ಅಲೆಯನ್ನು ಹಿಂದಕ್ಕೆ ಅಟ್ಟುತ್ತದೆ. ಉಳಿದದ್ದು ಕಿಟಕಿ, ಬಾಗಿಲು, ಮತ್ತೆ ದಪ್ಪ ಚಿರೆಕಲ್ಲಿನ ಗೋಡೆ. ಮಳೆಗಾಲದಲ್ಲಿ ಆ ಕಲ್ಲು ನೀರು ಕುಡಿದು ಇನ್ನೂ ಜಾಸ್ತಿ ನುಂಗುತ್ತದೆ. ಶೀಟ್ ಹಾಕಿಸಿದ ಮೇಲೆ ಫೋನ್ ಹೋಯಿತು ಎಂದು ನೀವು ಬರೆದದ್ದು ಸರಿಯಾದ ಗಮನಿಕೆ.

ಮಳೆಹನಿಯೇ ಸಿಗ್ನಲ್ ಹಾಳು ಮಾಡುತ್ತದೆ ಎಂಬ ನಂಬಿಕೆ ಮಾತ್ರ ಸರಿಯಲ್ಲ. ಮೊಬೈಲಿನ ಅಲೆಗಳಿಗೆ ಸುರಿಯುವ ಮಳೆಯಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ. ಒದ್ದೆ ಎಲೆ, ಒದ್ದೆ ಗೋಡೆ, ಕರೆಂಟು ಹೋಗಿ ಟವರಿನ ಬ್ಯಾಟರಿ ಇಳಿಯುವುದು, ಮಳೆಗಾಲದ ತೊಂದರೆ ಬರುವುದು ಇವುಗಳಿಂದ.

ಎರಡು ಕಡೆಯ ಶಕ್ತಿಯೂ ಸಮ ಅಲ್ಲ. ಟವರು ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕೂಗುತ್ತದೆ. ನಿಮ್ಮ ಫೋನು 4ಜಿಯಲ್ಲಿ ಎಷ್ಟು ಗಟ್ಟಿಯಾಗಿ ಕೂಗಿದರೂ ಸುಮಾರು 0.2 ವ್ಯಾಟ್. ಹಾಗಾಗಿ ಮೊದಲು ಸೋಲುವುದು ಸಾಮಾನ್ಯವಾಗಿ ನಮ್ಮ ಕಡೆಯಿಂದ ಹೋಗುವ ದನಿ. ಆಯಿಗೆ ನಿಮ್ಮ ಮಾತು ಕೇಳುತ್ತದೆ, ನಿಮಗೆ ಅವರದ್ದು ಕೇಳುವುದಿಲ್ಲ. 'ಹಲೋ, ಹಲೋ, ಕೇಳ್ತಿಲ್ಲೆ' ಎಂದು ನೀವು ಕೂಗುವುದು ಅದೇ ಹೊತ್ತಿನಲ್ಲಿ ಅಲ್ವಾ? ಬೂಸ್ಟರ್ ಬೇಡ ಎಂದಿದ್ದಕ್ಕೂ ಇದೇ ಕಾರಣ. ಅಂಗಡಿಯ ಬೂಸ್ಟರ್ ನಿಮ್ಮ ದನಿಯ ಜೊತೆಗೆ ಗದ್ದಲವನ್ನೂ ಎತ್ತಿ ಟವರಿಗೆ ಸುರಿಯುತ್ತದೆ. ಆ ಟವರನ್ನು ನಂಬಿದ ಸುತ್ತಲಿನ ಮನೆಗಳ ಕಾಲ್ ಕೆಡುತ್ತದೆ. ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ನಮ್ಮ ಕಾನೂನಿನಲ್ಲಿ ಅಪರಾಧವೂ ಹೌದು.

ಈಗ ಆಯಿಯ ಫೋನು ನಡುಮನೆಯಲ್ಲಿ ಏನು ಮಾಡುತ್ತಿದೆ ನೋಡಿ. ವೈಫೈ ಇದೆ, ಆದರೆ ಕಾಲಿಗೆ ಅದನ್ನು ಬಳಸಲು ಬರುವುದಿಲ್ಲ. 4ಜಿಗೆ ಹೇಗೋ ಅಂಟಿಕೊಂಡಿದೆ. ನೀವು ಕಾಲ್ ಮಾಡಿದಾಗ ಟವರು ಅದನ್ನು ಕರೆಯುತ್ತದೆ. ಆ ಕರೆ ಕೇಳಿಸಿದರೂ ಅದು 2ಜಿಗೆ ಇಳಿದು, ಅಲ್ಲಿ ಸಿಗ್ನಲ್ ಹುಡುಕಿ, ಉತ್ತರ ಕೊಡಬೇಕು. ಅಷ್ಟು ದುರ್ಬಲ ಜಾಗದಲ್ಲಿ ಅದು ಮುಗಿಯುವುದಿಲ್ಲ. ನಿಮಗೆ 'ನಾಟ್ ರೀಚೆಬಲ್' ಕೇಳಿಸುತ್ತದೆ. ಅತ್ತಿಗೆಯ ಫೋನಿಗೆ ಟವರ್ ಬೇಕಾಗಿಯೇ ಇಲ್ಲ.

ಹಾಗಾದರೆ ನೋಂದಣಿ ಯಾಕೆ ಆಗುತ್ತಿಲ್ಲ? ಮೂರು ಕಡೆ ಒಪ್ಪಿಗೆ ಬೇಕು. ಕಂಪನಿಯ ಜಾಲದಲ್ಲಿ ಸೇವೆ ಇರಬೇಕು. ಆ ನಂಬರಿಗೆ ಅದನ್ನು ತೆರೆದಿರಬೇಕು. ಫೋನಿನ ಸಾಫ್ಟ್‌ವೇರಿನಲ್ಲಿ ಆ ಕಂಪನಿಯ ಹೆಸರಿಗೆ ಇದನ್ನು ಆನ್ ಮಾಡಿರಬೇಕು. ಮೂರನೆಯದರಲ್ಲಿ ಬಹಳ ಜನ ಸಿಕ್ಕಿಕೊಳ್ಳುತ್ತಾರೆ. ಪ್ರತಿ ಫೋನಿನ ಒಳಗೆ, ಯಾವ ದೇಶದ ಯಾವ ಕಂಪನಿಯ ಸಿಮ್ ಬಂದರೆ ಏನೇನು ತೆರೆಯಬೇಕು ಎಂಬ ಪಟ್ಟಿ ಇರುತ್ತದೆ. ಕೊಲ್ಲಿ ದೇಶಕ್ಕೆಂದು ಮಾಡಿದ ಸಾಫ್ಟ್‌ವೇರಿನಲ್ಲಿ ಅಲ್ಲಿನ ಕಂಪನಿಗಳ ಹೆಸರಿದ್ದು ನಮ್ಮವು ಇಲ್ಲದಿರಬಹುದು. ಆಗ ಯಂತ್ರಕ್ಕೆ ಪೂರ್ತಿ ತಾಕತ್ತಿದ್ದರೂ ವೋಲ್ಟಿಯ ಸ್ವಿಚ್ಚೇ ಸೆಟ್ಟಿಂಗ್ಸ್‌ನಲ್ಲಿ ಕಾಣುವುದಿಲ್ಲ. ಭಟ್ಕಳ, ಹೊನ್ನಾವರ, ಕಾರವಾರದ ಕಡೆ ಗಲ್ಫಿನಿಂದ ಬಂದ ಫೋನುಗಳಲ್ಲಿ ಈ ತೊಂದರೆಯನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ತಪ್ಪು ಫೋನಿನದೋ ಸಿಮ್ಮಿನದೋ ಎಂದು ತಿಳಿಯಲು ಹತ್ತು ನಿಮಿಷ ಸಾಕು. ಅತ್ತಿಗೆಯ ಸಿಮ್ ಆಯಿಯ ಫೋನಿಗೆ, ಆಯಿಯ ಸಿಮ್ ಅತ್ತಿಗೆಯ ಫೋನಿಗೆ ಹಾಕಿ. ಏರ್‌ಪ್ಲೇನ್ ಮೋಡಿನ ಪರೀಕ್ಷೆಯನ್ನು ಮತ್ತೆ ಮಾಡಿ. ಆಯಿಯ ಸಿಮ್ ಅತ್ತಿಗೆಯ ಫೋನಿನಲ್ಲಿ ವೈಫೈ ಮೇಲೆ ಮಾತಾಡಿದರೆ ಸಿಮ್ ಚೆನ್ನಾಗಿದೆ, ತಪ್ಪು ಫೋನಿನದು. ಅಲ್ಲೂ ಮಾತಾಡದಿದ್ದರೆ ಸಿಮ್ ಹಳೆಯದಿರಬಹುದು, ಇಲ್ಲವೇ ಆ ನಂಬರಿಗೆ ಸೇವೆ ತೆರೆದಿಲ್ಲ. ಶಿರಸಿಯ ಕಂಪನಿ ಅಂಗಡಿಗೆ ಹೋಗಿ ಅದೇ ನಂಬರಿನ ಹೊಸ 4ಜಿ ಸಿಮ್ ಕೇಳಿ, ವೋಲ್ಟಿ ಮತ್ತು ವೈಫೈ ಕಾಲಿಂಗ್ ಎರಡನ್ನೂ ತೆರೆಯಲು ಹೇಳಿ.

ಫೋನಿನ ಬಾಯಿಂದಲೇ ಕೇಳುವ ದಾರಿಯೂ ಇದೆ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಡಯಲ್ ಮಾಡುವ ಜಾಗದಲ್ಲಿ ಇದನ್ನು ಒತ್ತಿದರೆ ಒಂದು ಪರೀಕ್ಷಾ ಪುಟ ತೆರೆಯುತ್ತದೆ. ಕೆಲವು ಕಂಪನಿಗಳು ಇದನ್ನು ಮುಚ್ಚಿರುತ್ತವೆ.

```
*#*#4636#*#*
```

ಅಲ್ಲಿ Phone information ಒಳಗೆ, ಮೇಲಿನ ಮೂರು ಚುಕ್ಕಿಯಲ್ಲಿ IMS Service Status ಒತ್ತಿ. ವೈಫೈ ಕಾಲಿಂಗ್ ನಡೆಯುತ್ತಿರುವ ಫೋನಿನಲ್ಲಿ ಈ ಸಾಲುಗಳು ಹೀಗೆ ಕಾಣುತ್ತವೆ.

```
IMS Registration: Registered
Voice over WiFi: Available
```

ಆಯಿಯ ಫೋನಿನಲ್ಲಿ Not Registered ಎಂದು ಬಂದರೆ ಇಲ್ಲಿಯವರೆಗೆ ಹೇಳಿದ್ದು ಖಚಿತವಾದ ಹಾಗೆ. ಆಗ ಇಲ್ಲಿನ ಸಿಮ್ ಒಳಗಿಟ್ಟುಕೊಂಡೇ ವೈಫೈ ಮೇಲೆ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ಕೆಲವು ಫೋನು ಅಷ್ಟಕ್ಕೇ ಸರಿಹೋಗುತ್ತವೆ. ಆಗದಿದ್ದರೆ ಆ ಫೋನಿನ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಭಾರತದ ಸಾಫ್ಟ್‌ವೇರ್ ಹಾಕಲು ಆಗುತ್ತದೆಯೇ ಎಂದು ಕೇಳಿ. ಪೇಟೆಯ ಬೀದಿ ಅಂಗಡಿಯಲ್ಲಿ ಬೇರೆ ಸಾಫ್ಟ್‌ವೇರ್ ತುಂಬಿಸಬೇಡಿ, ಫೋನೇ ಸತ್ತುಹೋದದ್ದನ್ನು ನೋಡಿದ್ದೇನೆ. ಇಷ್ಟೆಲ್ಲ ಆದ ಮೇಲೂ ನೋಂದಣಿ ಆಗದಿದ್ದರೆ ಆಗ ಹೊಸ ಫೋನು. ಭಾರತದಲ್ಲೇ ಮಾರಿದ್ದು, ನಿಮ್ಮ ಕಂಪನಿಯ ವೆಬ್‌ಸೈಟಿನ ವೈಫೈ ಕಾಲಿಂಗ್ ಪಟ್ಟಿಯಲ್ಲಿ ಅದೇ ಮಾಡೆಲ್ ಹೆಸರು ಇರುವುದನ್ನು ನೋಡಿ ಕೊಳ್ಳಿ. ಡಬ್ಬಿಯ ಮೇಲೆ 4ಜಿ ಎಂದಷ್ಟೇ ಇದ್ದರೆ ಸಾಲದು.

ಫೋನು ಸರಿಯಾದ ಮೇಲೆ ಸೆಟ್ಟಿಂಗ್ಸ್‌ನಲ್ಲಿ Wi-Fi calling ಆನ್ ಮಾಡಿ. ಕರೆಗೆ ವೈಫೈಯೇ ಮೊದಲ ಆಯ್ಕೆ ಎಂದು ಹೇಳುವ ಜಾಗವಿದ್ದರೆ ಅದನ್ನೂ ಆರಿಸಿ. ಇಲ್ಲದಿದ್ದರೆ -118ರ ದುರ್ಬಲ ಟವರಿಗೇ ಅಂಟಿಕೊಂಡು ಒದ್ದಾಡುವ ಫೋನುಗಳಿವೆ.

ಇನ್ನು ಧ್ವನಿಯ ಮಾತು. ಮಡಕೆಯೊಳಗಿನ ದನಿ ಎಂದು ನೀವು ಹೇಳಿದ್ದು ಅಕ್ಷರಶಃ ಸರಿ. 2ಜಿ ಕಾಲಿನಲ್ಲಿ 300ರಿಂದ 3,400 ಹರ್ಟ್ಸ್ ನಡುವಿನ ದನಿ ಮಾತ್ರ ದಾಟುತ್ತದೆ. ವೋಲ್ಟಿ ಮತ್ತು ವೈಫೈ ಕಾಲಿಂಗ್‌ನಲ್ಲಿ ಮಾಮೂಲಿಯಾಗಿ 50ರಿಂದ 7,000 ಹರ್ಟ್ಸ್‌ವರೆಗೆ ದಾಟುತ್ತದೆ. ಸ ಅಕ್ಷರದ ಸುಯ್ ಎನ್ನುವ ಶಕ್ತಿಯ ಬಹುಪಾಲು ಇರುವುದು 4,000ದ ಮೇಲೆ. ಅದನ್ನು ಕತ್ತರಿಸಿದರೆ ಸ ಯಾವುದು, ಶ ಯಾವುದು, ಫ ಯಾವುದು ಎಂದು ಕಿವಿ ಊಹಿಸಬೇಕಾಗುತ್ತದೆ. ಸಿರಸಿ ಅಂದಿರೋ ಶಿರಸಿ ಅಂದಿರೋ 2ಜಿಯಲ್ಲಿ ಬೇರೆ ಮಾಡುವುದು ಕಷ್ಟ. ಊರಿನ ಹೆಸರಿಗೆ ಅದರಿಂದ ನಷ್ಟವಿಲ್ಲ. ಡಾಕ್ಟರು ಹೇಳಿದ ಮಾತ್ರೆಯ ಹೆಸರಿಗೆ ನಷ್ಟವಿದೆ. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದೂ ಈ ಮೇಲಿನ ಸ್ವರಗಳನ್ನೇ. ಇರುವಷ್ಟನ್ನೂ ಫೋನೇ ಕತ್ತರಿಸಿದರೆ ಆಯಿಗೆ ಏನು ಉಳಿಯುತ್ತದೆ? ಆದರೆ ನೆನಪಿಡಿ, ಎರಡೂ ತುದಿಯ ಫೋನು ಹೊಸ ದಾರಿಯಲ್ಲಿದ್ದರೆ ಮಾತ್ರ ಈ ಸ್ಪಷ್ಟತೆ. ನೀವು ಬೆಂಗಳೂರಿನಲ್ಲಿ 2ಜಿಗೆ ಇಳಿದಿದ್ದರೆ ಆಯಿಯ ಫೈಬರ್ ಏನೂ ಮಾಡಲಾರದು.

ವೈಫೈ ಕಾಲಿಂಗ್‌ಗೂ ಅದರದ್ದೇ ದೌರ್ಬಲ್ಯ ಇದೆ. ವೋಲ್ಟಿಯಲ್ಲಿ ಟವರು ಮಾತಿಗೆಂದು ಪ್ರತ್ಯೇಕ ಓಣಿ ಬಿಟ್ಟುಕೊಡುತ್ತದೆ. ಪಕ್ಕದ ಮನೆಯ ಹುಡುಗ ಸಿನಿಮಾ ನೋಡುತ್ತಿದ್ದರೂ ನಿಮ್ಮ ಮಾತಿಗೆ ದಾರಿ ಇರುತ್ತದೆ. ಮನೆಯ ಫೈಬರ್ ಮೇಲೆ ಆ ಓಣಿ ಇಲ್ಲ. ಒಂದು ಕಾಲಿಗೆ ಒಂದೊಂದು ದಿಕ್ಕಿನಲ್ಲೂ ಸೆಕೆಂಡಿಗೆ 100 ಕಿಲೋಬಿಟ್ ಸಾಕು, ಹಾಗಾಗಿ ನಿಮ್ಮ ಫೈಬರ್ ಪ್ಲಾನ್ ದೊಡ್ಡದು ಮಾಡಿಸುವ ಅಗತ್ಯವಿಲ್ಲ. ಆದರೆ ದನಿಯ ತುಣುಕುಗಳು ಸೆಕೆಂಡಿಗೆ 50ರಂತೆ ಹೊತ್ತಿಗೆ ಸರಿಯಾಗಿ ತಲುಪಬೇಕು. ಅತ್ತಿಗೆಯ ಫೋನು ಮದುವೆಮನೆಯ ಮುನ್ನೂರು ಫೋಟೋಗಳನ್ನು ಮೇಲೆ ಕಳಿಸುತ್ತಿದ್ದರೆ ಆ ತುಣುಕುಗಳು ಸರತಿಯಲ್ಲಿ ನಿಲ್ಲುತ್ತವೆ, ಮಾತು ತುಂಡಾಗುತ್ತದೆ.

ಹೊರಗೆ ಕಾಲ್ ಹೋಗುತ್ತದೆ, ಒಳಗೆ ಬರುವ ಕಾಲ್ ಮಾತ್ರ ಕೆಲವೊಮ್ಮೆ ರಿಂಗ್ ಆಗುವುದಿಲ್ಲ ಎಂಬ ದೂರು ನಿಮಗೂ ಬರಬಹುದು. ಅದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಫೋನಿನ ಬ್ಯಾಟರಿ ಸೇವರ್ ವೈಫೈಯನ್ನು ಮಲಗಿಸಿರುತ್ತದೆ. ಇಲ್ಲವೇ ರೂಟರು ಆ ಸುರಂಗ ಸುಮ್ಮನಿರುವುದನ್ನು ಕಂಡು ಅದನ್ನು ಮರೆತಿರುತ್ತದೆ. ಪರೀಕ್ಷೆ ಹೀಗೆ: ಫೋನನ್ನು ಅರ್ಧ ತಾಸು ಮುಟ್ಟದೆ ಇಟ್ಟು ಆಮೇಲೆ ಕಾಲ್ ಮಾಡಿ. ರಿಂಗ್ ಆಗದಿದ್ದರೆ ಬ್ಯಾಟರಿ ಸೇವರ್ ತೆಗೆಯಿರಿ. ಫೋನಿನಲ್ಲಿ ವಿಪಿಎನ್ ಇದ್ದರೆ ಅದನ್ನೂ ತೆಗೆಯಿರಿ. ಆಗಲೂ ಸರಿಹೋಗದಿದ್ದರೆ ಫೈಬರಿನ ಹುಡುಗನಿಗೆ ಯುಡಿಪಿ 500 ಮತ್ತು 4500 ಎಂಬ ಎರಡು ಪೋರ್ಟುಗಳನ್ನು ರೂಟರಿನಲ್ಲಿ ತಡೆದಿಲ್ಲ ಎಂದು ನೋಡಲು ಹೇಳಿ. ಸುರಂಗ ಹೋಗುವುದು ಅವುಗಳಲ್ಲೇ.

ರೂಟರ್ ಜಗಲಿಯಲ್ಲೇ ಇದ್ದಿರಬೇಕು, ವೈರು ಒಳಬರುವ ಜಾಗದಲ್ಲಿ. ಅಲ್ಲಿಂದ ಅಡುಗೆಮನೆಗೆ ಎರಡು ಮೂರು ಚಿರೆಕಲ್ಲಿನ ಗೋಡೆ. ಟವರಿನ ಅಲೆಯನ್ನು ನುಂಗಿದ ಗೋಡೆ ವೈಫೈಯನ್ನೂ ನುಂಗುತ್ತದೆ. ಸಾಧ್ಯವಾದರೆ ರೂಟರನ್ನು ನಡುಮನೆಗೆ ತನ್ನಿ, ಆಯಿಯ ಫೋನನ್ನು 2.4 ಗಿಗಾಹರ್ಟ್ಸ್ ವೈಫೈಗೆ ಸೇರಿಸಿ. 5 ಗಿಗಾಹರ್ಟ್ಸ್‌ಗಿಂತ ಅದು ಗೋಡೆಯನ್ನು ಚೆನ್ನಾಗಿ ದಾಟುತ್ತದೆ. ಆಯಿ ಮಾತಾಡುತ್ತಾ ಅಂಗಳಕ್ಕೆ ಬಂದರೆ ಕಾಲ್ ವೈಫೈಯಿಂದ ವೋಲ್ಟಿಗೆ ತಾನೇ ದಾಟಬೇಕು, ಅಂಗಳದಲ್ಲಿ 4ಜಿ ಇರುವುದರಿಂದ ದಾಟುತ್ತದೆ. ತೋಟಕ್ಕೆ ಇಳಿದರೆ ಎರಡೂ ಇರುವುದಿಲ್ಲ, ಕಾಲ್ ಕಡಿಯುತ್ತದೆ. ಅದಕ್ಕೆ ಮನೆಯಲ್ಲಿ ಮಾಡುವ ಪರಿಹಾರ ಇಲ್ಲ.

ಕಡೆಯದಾಗಿ, ಮಳೆಗಾಲ ಶುರುವಾಗುವ ಮೊದಲು ರೂಟರಿಗೆ ಒಂದು ಚಿಕ್ಕ ಯುಪಿಎಸ್ ತಂದುಕೊಡಿ. ಇಷ್ಟು ದಿನ ಕರೆಂಟು ಹೋದರೂ ಅಂಗಳಕ್ಕೆ ಹೋದರೆ ಫೋನ್ ಸಿಗುತ್ತಿತ್ತು. ಇನ್ನು ಮೇಲೆ ಆಯಿ ಒಳಗೇ ಕೂತಿರುತ್ತಾರೆ, ಕರೆಂಟು ಹೋದ ಕ್ಷಣ ವೈಫೈ ಹೋಗುತ್ತದೆ, ಫೋನು ಮತ್ತೆ ಆ ದುರ್ಬಲ ಟವರ್ ಸಿಗ್ನಲ್ಲಿಗೇ ಬೀಳುತ್ತದೆ. ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿ, ಬಹಳಷ್ಟು 12 ವೋಲ್ಟಿನವು, ಅದಕ್ಕೆ ಹೊಂದುವುದನ್ನೇ ಕೊಳ್ಳಿ. ಸಾಧಾರಣದ್ದು ಎರಡು ಮೂರು ತಾಸು ನಡೆಯುತ್ತದೆ. ಫೈಬರಿಗೆ ಬೇರೆ ಪೆಟ್ಟಿಗೆ, ವೈಫೈಗೆ ಬೇರೆ ಪೆಟ್ಟಿಗೆ ಇದ್ದರೆ ಎರಡಕ್ಕೂ ಕೊಡಬೇಕು. ಗಾಳಿಗೆ ಮರ ಬಿದ್ದು ಫೈಬರೇ ತುಂಡಾದ ದಿನ ಮಾತ್ರ ಅಂಗಳಕ್ಕೆ ಬರಬೇಕಾಗುತ್ತದೆ ಎಂದು ಆಯಿಗೆ ಮೊದಲೇ ಹೇಳಿಡಿ.